ಗೋದಲಿಯ ಮುಂದೆ 56 ಸೆಕೆಂಡು: ಕ್ರಿಸ್‌ಮಸ್ ಹಾಡಿನ ಸಾಲುಗಳನ್ನು ಪರದೆಯ ಮೇಲೆ ಕೂಡಿಸುವ ಬಗೆ

ಹೋದ ವರ್ಷ ಡಿಸೆಂಬರ್‌ನಲ್ಲಿ ನಮ್ಮ ಸಭೆಯ ಚಾನೆಲ್‌ಗೆ ಹಾಕಿದ ಒಂದು ನಿಮಿಷದ ಕ್ರಿಸ್‌ಮಸ್ ಹಾಡಿನ ವಿಡಿಯೊವನ್ನು ನೋಡಿ, ಹಿರಿಯ ತಾಯಿಯೊಬ್ಬರು ಆರಾಧನೆ ಮುಗಿದ ಮೇಲೆ ನನ್ನನ್ನು ಕರೆದು ಹೇಳಿದ್ದರು: "ಹಾಡು ಛಲೋ ಅದ ತಮ್ಮಾ, ಆದ್ರ ಅಕ್ಷರ ಒಂದ್ಕಡಿ ನಿಲ್ಲವಲ್ಲವು. ಓದ್ಲೋ, ಹಾಡ್ಲೋ?" ಬೀದರ್ ಸುತ್ತಮುತ್ತಲಿನ ಸಭೆಗಳಲ್ಲಿ ಈ ಪ್ರಶ್ನೆಗೆ ಬೇರೆ ಕಡೆಗಿಂತ ಹೆಚ್ಚು ತೂಕವಿದೆ. ಇಲ್ಲಿ ಮನೆಯಲ್ಲಿ ಕನ್ನಡ ಮಾತಾಡಿದರೂ ಶಾಲೆಯಲ್ಲಿ ಮರಾಠಿಯನ್ನೋ ಉರ್ದುವನ್ನೋ ಇಂಗ್ಲಿಷನ್ನೋ ಓದಿ ಬೆಳೆದವರು ಬಹಳ ಜನ. ಹಾಡು ಅವರಿಗೆ ಬಾಯಿಪಾಠ ಇರುತ್ತದೆ, ಕನ್ನಡ ಲಿಪಿಯನ್ನು ಮಾತ್ರ ಕೂಡಿಸಿ ಕೂಡಿಸಿ ಓದುತ್ತಾರೆ. ದುಡಿಯಲು ಹೈದರಾಬಾದಿಗೋ ಪುಣೆಗೋ ಹೋದವರು ರಾತ್ರಿ ಪಾಳಿ ಮುಗಿಸಿ ಫೋನಿನಲ್ಲಿ ನೋಡುವುದೂ ಇದೇ ವಿಡಿಯೊವನ್ನು. ಆದ್ದರಿಂದ ಒಂದು ಚರಣ, ಒಂದು ಚಿಕ್ಕ ಧ್ಯಾನದ ಮಾತು ಮತ್ತು ಗೋದಲಿಯ ಕೆಲವು ಚಿತ್ರಗಳು ಕೂಡಿದ ಇಂಥ ವಿಡಿಯೊದಲ್ಲಿ ಕಿವಿ ಕೇಳುವುದನ್ನು ಕಣ್ಣು ಓದುವುದರೊಂದಿಗೆ ಹೊಂದಿಸುವುದು ಹೇಗೆ ಎಂಬುದನ್ನು, ಈ ವರ್ಷ ನಾವು ಮಾಡಿದ ಒಂದೇ ಒಂದು ಚರಣವನ್ನು ಇಟ್ಟುಕೊಂಡು ಇಲ್ಲಿ ಬಿಡಿಸಿ ಹೇಳುತ್ತೇನೆ.

ಮೊದಲು ಹಾಡಿನ ಆಯ್ಕೆ. ಎಲ್ಲರಿಗೂ ಗೊತ್ತಿರುವ ಹಳೆಯ ಕ್ಯಾರಲ್ ಒಂದನ್ನು ತೆಗೆದುಕೊಂಡರೆ ಹಕ್ಕಿನ ತೊಡಕು ಇರುವುದಿಲ್ಲವೆಂದು ನಾವು ಬಹಳ ದಿನ ನಂಬಿದ್ದೆವು. ಅದು ಅರ್ಧ ಮಾತ್ರ ನಿಜ. ಉದಾಹರಣೆಗೆ 'ಸೈಲೆಂಟ್ ನೈಟ್' ಎಂದು ನಾವು ಕರೆಯುವ ಹಾಡಿನ ಜರ್ಮನ್ ಪದಗಳನ್ನು ಯೋಸೆಫ್ ಮೋರ್ ಎಂಬ ಪಾದ್ರಿಗಳು 1816ರಲ್ಲಿ ಬರೆದರು. ಫ್ರಾಂಟ್ಸ್ ಕ್ಸಾವರ್ ಗ್ರೂಬರ್ ಅದಕ್ಕೆ ರಾಗ ಕೂಡಿಸಿದ್ದು 1818ರ ಡಿಸೆಂಬರ್ 24ರಂದು, ಆಸ್ಟ್ರಿಯದ ಓಬರ್ನ್‌ಡಾರ್ಫ್‌ನಲ್ಲಿ. ಆ ಪದಗಳೂ ಆ ರಾಗವೂ ಈಗ ಎಲ್ಲರ ಸೊತ್ತು. ಆದರೆ ನಮ್ಮ ಗೀತೆಗಳ ಪುಸ್ತಕದಲ್ಲಿ ಅಚ್ಚಾಗಿರುವ ಕನ್ನಡ ಅನುವಾದವು ಬೇರೊಬ್ಬರ ಬೇರೆಯೇ ಕೃತಿ. ಭಾರತದ 1957ರ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ ಅನುವಾದಕರು ತೀರಿಕೊಂಡ ನಂತರ 60 ವರ್ಷದವರೆಗೆ ಅದರ ಹಕ್ಕು ಅವರ ವಾರಸುದಾರರಲ್ಲಿ ಅಥವಾ ಅದನ್ನು ಬರೆಸಿಕೊಂಡವರಲ್ಲಿ ಉಳಿದಿರುತ್ತದೆ. ಯಾರೋ ಹಾಡಿಸಿ ಬಿಡುಗಡೆ ಮಾಡಿದ ಧ್ವನಿಮುದ್ರಣಕ್ಕೂ ಪ್ರಕಟವಾದ ಮೇಲೆ 60 ವರ್ಷದ ರಕ್ಷಣೆಯಿದೆ. ಆರಾಧನೆಯ ನಡುವೆ ಹಾಡುವುದಕ್ಕೆ ಅದೇ ಕಾಯ್ದೆಯ 52ನೆಯ ವಿಧಿ ವಿನಾಯಿತಿ ಕೊಡುತ್ತದೆ ನಿಜ, ಆದರೆ ಚಾನೆಲ್‌ಗೆ ಹಾಕಿದ ವಿಡಿಯೊ ಆರಾಧನೆಯ ಕ್ರಮವಲ್ಲ. ಆ ವಿನಾಯಿತಿಯನ್ನು ನಂಬಿ ಕೂರುವುದು ಜಾಣತನವಲ್ಲ. ಯೂಟ್ಯೂಬ್‌ನಲ್ಲಿ 2024ರ ಅಕ್ಟೋಬರ್ 15ರಿಂದ ಶಾರ್ಟ್ಸ್‌ನ ಉದ್ದ ಮೂರು ನಿಮಿಷದವರೆಗೆ ಇರಬಹುದು. ಆದರೂ ಒಂದು ನಿಮಿಷ ಮೀರಿದ ಶಾರ್ಟ್‌ನ ಸಂಗೀತದ ಮೇಲೆ ಬೇರೆಯವರ ಹಕ್ಕಿನ ದಾವೆ ಬಿದ್ದರೆ ಆ ವಿಡಿಯೊ ಎಲ್ಲಿಯೂ ಕಾಣದಂತೆ ತಡೆಹಿಡಿಯಲ್ಪಡುತ್ತದೆ. ಒಂದು ನಿಮಿಷದೊಳಗೆ ಮುಗಿಸಬೇಕೆಂದು ನಾನು ಹಟ ಹಿಡಿಯುವುದಕ್ಕೆ ಇದೂ ಒಂದು ಕಾರಣ.

ಈ ಗೋಜೇ ಬೇಡವೆಂದು ಈ ಸಲ ನಮ್ಮ ಸಭೆಯ ಅಕ್ಕನವರೊಬ್ಬರು ತಾವೇ ನಾಲ್ಕು ಸಾಲು ಬರೆದುಕೊಟ್ಟರು, ಹಾರ್ಮೋನಿಯಂ ನುಡಿಸುವ ಮಾಸ್ತರರು ರಾಗ ಹಾಕಿದರು. ಇಬ್ಬರಿಂದಲೂ "ಚಾನೆಲ್‌ಗೆ ಹಾಕಲು ಒಪ್ಪಿದ್ದೇವೆ" ಎಂದು ಒಂದು ಚೀಟಿಯಲ್ಲಿ ಬರೆಸಿಕೊಂಡೆವು. ಚರಣ ಹೀಗಿದೆ:

ಛತ್ರ ತುಂಬಿತು, ಕದವು ಮುಚ್ಚಿತು,
ದನದ ಕೊಟ್ಟಿಗೆ ದೀಪ ಹಚ್ಚಿತು;
ಗೋದಲಿಯೊಳಗೆ ಕಂದ ಮಲಗಿದ,
ಕಣಿಕೆಯ ಮೇಲೆ ಕ್ರಿಸ್ತ ಮಲಗಿದ.

ಓದುವಾಗಲೇ ಇದರ ನಡೆ ತಿಳಿಯುತ್ತದೆ. 'ಛತ್ರ' ಎಂದರೆ ಮೂರು ಮಾತ್ರೆ, 'ತುಂಬಿತು' ಎಂದರೆ ನಾಲ್ಕು. 'ಕದವು' ಮೂರು, 'ಮುಚ್ಚಿತು' ನಾಲ್ಕು. ಭಾಮಿನಿ ಷಟ್ಪದಿಯಲ್ಲಿ ನಮ್ಮ ಕಿವಿಗೆ ರೂಢಿಯಾಗಿರುವ ಮೂರು-ನಾಲ್ಕರ ನಡೆಯೇ ಇದು. ಏಳು ಮಾತ್ರೆಯ ಈ ನಡೆಯನ್ನು ಮಾಸ್ತರರು ಹಿಂದುಸ್ತಾನಿ ರೂಪಕ ತಾಳದಲ್ಲಿ ಕೂಡಿಸಿದರು, ಏಕೆಂದರೆ ರೂಪಕದ ಒಂದು ಆವರ್ತನವೂ ಏಳು ಮಾತ್ರೆಯದು, ಮೂರು-ಎರಡು-ಎರಡು ಎಂದು ಹಂಚಿಕೊಂಡದ್ದು. ಹೀಗಾಗಿ ಅರ್ಧ ಸಾಲಿಗೆ ಒಂದು ಆವರ್ತನ, ಪೂರ್ತಿ ಸಾಲಿಗೆ ಎರಡು.

ಇಲ್ಲಿಂದ ಮುಂದಿನದು ಬರೀ ಕೂಡುವ ಲೆಕ್ಕ. ನಿಮಿಷಕ್ಕೆ 105 ಮಾತ್ರೆಯ ವೇಗದಲ್ಲಿ ಹಾಡಿದರೆ ಏಳು ಮಾತ್ರೆಗೆ ಸರಿಯಾಗಿ 4 ಸೆಕೆಂಡು ಹಿಡಿಯುತ್ತದೆ, ಒಂದು ಸಾಲಿಗೆ 8, ನಾಲ್ಕು ಸಾಲಿಗೆ 32. ಮುಂಚೆ ಒಂದು ಆವರ್ತನ ಹಾರ್ಮೋನಿಯಂ ಮಾತ್ರ, 4 ಸೆಕೆಂಡು. ಚರಣ ಮುಗಿದ ಮೇಲೆ ನಾಲ್ಕು ಆವರ್ತನ, ಅಂದರೆ 16 ಸೆಕೆಂಡು, ಹಾರ್ಮೋನಿಯಂ ಮೆಲ್ಲಗೆ ನಡೆಯುತ್ತಿರುವಾಗ ಧ್ಯಾನದ ಮಾತು. ಕೊನೆಗೆ 'ಕ್ರಿಸ್ತ ಮಲಗಿದ' ಎಂಬ ಅರ್ಧ ಸಾಲು ಇನ್ನೊಮ್ಮೆ, 4 ಸೆಕೆಂಡು. ಒಟ್ಟು 56. ವೇಗವನ್ನು ಮೊದಲೇ ಗೊತ್ತುಮಾಡಿ ಫೋನಿನ ಮೆಟ್ರೊನೋಮನ್ನು ಒಬ್ಬರ ಕಿವಿಗೆ ಮಾತ್ರ ಕೇಳುವಂತೆ ಇಟ್ಟು ಹಾಡಿಸಿದರೆ ಈ ಲೆಕ್ಕ ಕೈಕೊಡುವುದಿಲ್ಲ. ಸುಮ್ಮನೆ ಹಾಡಲು ಬಿಟ್ಟರೆ ನಮ್ಮ ಗಾಯನ ಮಂಡಳಿ ಮೂರನೆಯ ಸಾಲಿಗೆ ಬರುವಷ್ಟರಲ್ಲಿ ಓಡಲು ಸುರು ಮಾಡುತ್ತದೆ; ಮನೆಮನೆಗೆ ಕ್ಯಾರಲ್ ಹಾಡುತ್ತ ಹೋಗುವಾಗ ಚಳಿಗೆ ಬಂದ ಚಟವಿರಬೇಕು.

ಸಾಲು ಪರದೆಯ ಮೇಲೆ ಯಾವಾಗ ಮೂಡಬೇಕು? ಹಾಡುವ ಕ್ಷಣಕ್ಕೆ ಸರಿಯಾಗಿ ಎಂದು ಹೊಸಬರು ತಿಳಿಯುತ್ತಾರೆ. ಆದರೆ ಕಣ್ಣು ಓದಿ, ಬಾಯಿ ತೆರೆಯುವುದಕ್ಕೆ ಸ್ವಲ್ಪ ಹೊತ್ತು ಬೇಕು. ಹಾಡಿನ ಜೊತೆಗೇ ಅಕ್ಷರ ಬಂದರೆ ನೋಡುವವರು ಸದಾ ಒಂದು ಪದ ಹಿಂದೆ ಬೀಳುತ್ತಾರೆ. ಗಾಯನ ಮಂಡಳಿಯ ಮುಂದೆ ನಿಂತವರು ಕೈಯೆತ್ತಿ ಮುಂದಿನ ಸಾಲಿನ ಮೊದಲ ಪದವನ್ನು ಮುಂಚೆಯೇ ಪಿಸುಗುಟ್ಟುವುದನ್ನು ನೀವು ಕಂಡಿರಬಹುದು. ಪರದೆ ಮಾಡಬೇಕಾದ ಕೆಲಸವೂ ಅದೇ. ಅರ್ಧ ಸೆಕೆಂಡು ಮುಂಚೆ ಬಂದರೆ ಸಾಕು ಎಂಬುದು ನಮ್ಮ ಕಡೆಯವರ ಮೇಲೆ ಪರೀಕ್ಷೆ ಮಾಡಿ ಕಂಡುಕೊಂಡ ಅಳತೆ; ಒಂದು ಸೆಕೆಂಡಿಗಿಂತ ಮುಂಚೆ ಬಂದರೆ ಈಗ ಹಾಡುತ್ತಿರುವ ಸಾಲಿನ ಕೊನೆಯ ಪದ ಇನ್ನೂ ಬಾಯಲ್ಲಿ ಇರುವಾಗಲೇ ಕಣ್ಣು ಮುಂದಕ್ಕೆ ಹಾರಿಬಿಡುತ್ತದೆ. ಅದನ್ನು ಸಬ್‌ಟೈಟಲ್ ಕಡತವಾಗಿ ಬರೆದರೆ ಮೊದಲ ಎರಡು ಸಾಲು ಹೀಗೆ ಕಾಣುತ್ತದೆ:

```
1
00:00:03,500 --> 00:00:11,400
ಛತ್ರ ತುಂಬಿತು
ಕದವು ಮುಚ್ಚಿತು

2
00:00:11,500 --> 00:00:19,400
ದನದ ಕೊಟ್ಟಿಗೆ
ದೀಪ ಹಚ್ಚಿತು
```

ಇದನ್ನು ಯಾವುದೇ ಸಾದಾ ಪಠ್ಯ ಸಂಪಾದಕದಲ್ಲಿ ಬರೆದು `.srt` ಎಂದು ಉಳಿಸಬಹುದು, ಆದರೆ ಉಳಿಸುವಾಗ ಎನ್‌ಕೋಡಿಂಗ್ `UTF-8` ಎಂದಿರಲೇಬೇಕು; `ANSI` ಎಂದಿದ್ದರೆ ಮುಂದಿನ ಸಲ ತೆರೆದಾಗ ಕನ್ನಡದ ಜಾಗದಲ್ಲಿ ಸಾಲುಸಾಲು ಪ್ರಶ್ನಾರ್ಥಕ ಚಿಹ್ನೆಗಳು ಕೂತಿರುತ್ತವೆ. ಸಾಲುಗಳ ಕೊನೆಯ ಅಲ್ಪವಿರಾಮಗಳನ್ನು ಪರದೆಯ ಮೇಲೆ ನಾನು ಬಿಟ್ಟುಬಿಡುತ್ತೇನೆ, ಏಕೆಂದರೆ ಆ ವಿರಾಮವನ್ನು ಹಾಡಿನ ಉಸಿರೇ ಹೇಳುತ್ತದೆ.

ಇಲ್ಲಿ ರೂಪಕ ತಾಳ ನಮಗೆ ಒಂದು ಏಟು ಕೊಟ್ಟಿತು, ಅದನ್ನು ಹೇಳಲೇಬೇಕು. ವಿಡಿಯೊ ಕೂಡಿಸುವ ಹುಡುಗರು ಸಾಮಾನ್ಯವಾಗಿ ಹಾಡು ಕೇಳಿ ಕಾಲ ಗುರುತಿಸುವುದಿಲ್ಲ. ಧ್ವನಿಯ ಅಲೆಯ ಚಿತ್ರದಲ್ಲಿ ಎಲ್ಲಿ ಎತ್ತರದ ಮೊನೆ ಕಾಣುತ್ತದೋ ಅಲ್ಲಿಯೇ ಆವರ್ತನದ ಮೊದಲು ಎಂದು ಗುರುತು ಹಾಕುತ್ತಾರೆ. ಬಹುತೇಕ ತಾಳಗಳಲ್ಲಿ ಅದು ನಡೆಯುತ್ತದೆ, ಏಕೆಂದರೆ ಸಮ್ ಎನ್ನುವ ಮೊದಲ ಮಾತ್ರೆಯ ಮೇಲೆ ತಬಲಾದ ಎಡಗೈ ಗಟ್ಟಿಯಾಗಿ ಬೀಳುತ್ತದೆ. ರೂಪಕದಲ್ಲಿ ಮಾತ್ರ ಸಮ್ಮೇ ಖಾಲಿ. ಮೊದಲ ಮೂರು ಮಾತ್ರೆ 'ತಿಂ ತಿಂ ನಾ' ಎಂದು ಹಗುರವಾಗಿ ಹೋಗಿ, ತುಂಬಿದ 'ಧಿಂ' ಕೇಳುವುದು ನಾಲ್ಕನೆಯ ಮಾತ್ರೆಗೆ. ಒಂದು ಮಾತ್ರೆಗೆ ಸುಮಾರು 0.57 ಸೆಕೆಂಡು ಎಂದರೆ, ಮೊನೆಯನ್ನು ನಂಬಿದವರ ಸಾಲುಗಳೆಲ್ಲ 1.7 ಸೆಕೆಂಡು ತಡವಾಗಿ ಬಂದವು. 'ಛತ್ರ' ಹಾಡಿ ಮುಗಿದು 'ತುಂಬಿತು' ಎನ್ನುವಾಗ ಪರದೆಯ ಮೇಲೆ ಸಾಲು ಮೂಡುತ್ತಿತ್ತು, ಮತ್ತು ಎಲ್ಲ ಸಾಲುಗಳೂ ಒಂದೇ ಪ್ರಮಾಣದಲ್ಲಿ ತಡವಾಗಿದ್ದರಿಂದ ಏನೋ ಸರಿಯಿಲ್ಲ ಅನ್ನಿಸಿದರೂ ಎಲ್ಲಿ ಎಂದು ಬೇಗ ಹೊಳೆಯಲಿಲ್ಲ. ತಪ್ಪು ಹೀಗೆ ಎಲ್ಲೆಡೆ ಸಮನಾಗಿದ್ದರೆ ಗುರುತು ಹಾಕುವ ರೀತಿಯೇ ತಪ್ಪಿದೆ ಎಂದರ್ಥ. ಮೊದಲು ಸರಿಯಿದ್ದು ಬರಬರುತ್ತ ಹೆಚ್ಚಾದರೆ ಹಾಡಿನ ವೇಗ ಬದಲಾಗಿದೆ ಎಂದರ್ಥ. ಈ ವ್ಯತ್ಯಾಸ ಗೊತ್ತಿದ್ದರೆ ಅರ್ಧ ದಿನದ ಕೆಲಸ ಉಳಿಯುತ್ತದೆ.

ಅದೇ ತಾಳ ಇನ್ನೊಂದು ಕಡೆಯೂ ದಾರಿ ತಪ್ಪಿಸುತ್ತದೆ. ಮೂರನೆಯ ಸಾಲಿನಲ್ಲಿ 'ಗೋದಲಿಯೊಳಗೆ' ಎಂಬುದು ಒಂದೇ ಪದ, ಆದರೆ ತಾಳ ಮೂರನೆಯ ಮಾತ್ರೆಗೆ ಅದನ್ನು ಸೀಳುತ್ತದೆ. ಹಾಡುವಾಗ ಕಿವಿಗೆ 'ಗೋದ, ಲಿಯೊಳಗೆ' ಎಂದೇ ಕೇಳಿಸುತ್ತದೆ. ಕೇಳಿದ ಹಾಗೆ ಬರೆಯುತ್ತೇನೆಂದು ಮೇಲೆ 'ಗೋದ' ಕೆಳಗೆ 'ಲಿಯೊಳಗೆ' ಎಂದು ಎರಡು ಸಾಲಾಗಿ ಒಡೆದರೆ ಕನ್ನಡವನ್ನು ಕೂಡಿಸಿ ಓದುವವರಿಗೆ ಅರ್ಥವೇ ಕೈಗೆ ಸಿಗುವುದಿಲ್ಲ. ಕಿವಿಗೆ ತಾಳದ ಒಡೆತ, ಕಣ್ಣಿಗೆ ಅರ್ಥದ ಒಡೆತ ಎಂದು ನಾನು ನಿಯಮ ಇಟ್ಟುಕೊಂಡಿದ್ದೇನೆ. ಹಾಗಾಗಿ ಮೇಲಿನ ಸಾಲಿನಲ್ಲಿ 'ಗೋದಲಿಯೊಳಗೆ' ಪೂರ್ತಿ, ಕೆಳಗಿನ ಸಾಲಿನಲ್ಲಿ 'ಕಂದ ಮಲಗಿದ'. ಫೋನಿನ ಅಗಲಕ್ಕೆ ಪದ ಹಿಡಿಸದೆ ಆ್ಯಪ್ ತಾನಾಗಿಯೇ ಅದನ್ನು ಮುರಿಯುತ್ತಿದ್ದರೆ ಅಕ್ಷರದ ಗಾತ್ರವನ್ನು ಒಂದು ಮೆಟ್ಟಿಲು ಇಳಿಸಬೇಕೇ ಹೊರತು ಪದವನ್ನು ಮುರಿಯಲು ಬಿಡಬಾರದು.

ಇನ್ನು ಆ ತಾಯಿ ದೂರಿದ 'ನಿಲ್ಲದ ಅಕ್ಷರ'ದ ಮಾತಿಗೆ ಬರೋಣ. ಹೋದ ವರ್ಷ ನಾವು ಬಳಸಿದ್ದು ಒಂದೊಂದೇ ಅಕ್ಷರ ಟೈಪ್ ಆಗುತ್ತ ಹೋಗುವ ಅನಿಮೇಶನ್. ಇಂಗ್ಲಿಷ್ ಅಕ್ಷರಗಳಿಗಾಗಿ ಮಾಡಿದ ಈ ಅಲಂಕಾರ ಕನ್ನಡದಲ್ಲಿ ಏಕೆ ಕೆಡುತ್ತದೆ ಎಂಬುದನ್ನು ತಿಳಿಯಲು 'ಕ್ರಿಸ್ತ' ಎಂಬ ಪದವನ್ನೇ ಬಿಚ್ಚಿ ನೋಡಬೇಕು. ನಾವು ಓದುವುದು ಎರಡು ಅಕ್ಷರ, 'ಕ್ರಿ' ಮತ್ತು 'ಸ್ತ'. ಆದರೆ ಕಂಪ್ಯೂಟರಿನ ಒಳಗೆ ಯೂನಿಕೋಡ್ ಲೆಕ್ಕದಲ್ಲಿ ಇರುವುದು ಏಳು ಸಂಕೇತಗಳು: ಕ, ಅದರ ಅಕಾರವನ್ನು ಕಳೆಯುವ ವಿರಾಮ ಚಿಹ್ನೆ, ರ, ಇಕಾರದ ಗುಡಿಸು, ಸ, ಮತ್ತೆ ವಿರಾಮ ಚಿಹ್ನೆ, ತ. ಅನಿಮೇಶನ್ ಒಂದೊಂದು ಸಂಕೇತವನ್ನು ಒಂದೊಂದು ಅಕ್ಷರವೆಂದು ತಿಳಿದು ಹೊರಗೆ ಬಿಡುತ್ತದೆ. ಆಗ ಪರದೆಯ ಮೇಲೆ ಮೊದಲು 'ಕ' ಕಾಣುತ್ತದೆ, ಅದು 'ಕ್' ಆಗುತ್ತದೆ, ಆಮೇಲೆ 'ಕ್ರ', ಆಮೇಲೆ 'ಕ್ರಿ', ಆಮೇಲೆ 'ಕ್ರಿಸ', 'ಕ್ರಿಸ್', ಕೊನೆಗೆ 'ಕ್ರಿಸ್ತ'. ಎರಡು ಅಕ್ಷರ ಓದಲು ಕಣ್ಣು ಏಳು ರೂಪಗಳನ್ನು ನೋಡಬೇಕು, ಅದರಲ್ಲಿ ಐದು ಪದದ ಭಾಗವೇ ಅಲ್ಲದ ಸುಳ್ಳು ರೂಪಗಳು. ಆ ತಾಯಿಗೆ ಕಣ್ಣು ಮಂದವಾಗಿರಲಿಲ್ಲ. ಅಕ್ಷರ ನಿಜವಾಗಿಯೇ ಕುಣಿಯುತ್ತಿತ್ತು.

ಕರೋಕೆಯ ಹಾಗೆ ಹಾಡಿದಷ್ಟು ಭಾಗಕ್ಕೆ ಬಣ್ಣ ತುಂಬುವ ವಿಧಾನದಲ್ಲಿಯೂ ಇದೇ ರೋಗ ಇನ್ನೊಂದು ಬಗೆಯಲ್ಲಿ ಕಾಣಿಸುತ್ತದೆ. ಬಣ್ಣ ಬದಲಾಗುವ ಗಡಿ ಒತ್ತಕ್ಷರದ ನಡುವೆ ಬಿದ್ದರೆ ಕೆಲವು ಆ್ಯಪ್‌ಗಳು 'ಸ್ತ'ವನ್ನು ಒಡೆದು 'ಸ್' ಒಂದು ಬಣ್ಣ, 'ತ' ಇನ್ನೊಂದು ಬಣ್ಣ ಎಂದು ಪಕ್ಕಪಕ್ಕದಲ್ಲಿ ಇಟ್ಟುಬಿಡುತ್ತವೆ. ಬಣ್ಣ ತುಂಬಲೇಬೇಕೆಂದರೆ ಅಕ್ಷರಕ್ಕಲ್ಲ, ಇಡೀ ಪದಕ್ಕೆ ಒಮ್ಮೆಗೇ ತುಂಬಬೇಕು. ನನ್ನನ್ನು ಕೇಳಿದರೆ ಶಾಂತವಾದ ಹಾಡಿಗೆ ಅದೂ ಬೇಡ. ಎರಡು ಸಾಲು ಒಟ್ಟಿಗೆ ಮೆಲ್ಲಗೆ ಮೂಡಿ, 0.3 ಸೆಕೆಂಡಿನಲ್ಲಿ ಪೂರ್ತಿ ಬೆಳಗಿ, ತನ್ನ ಸಮಯ ತೀರುವವರೆಗೆ ಅಲ್ಲಾಡದೆ ನಿಂತಿರಲಿ.

ಇನ್ನೊಂದು ತೊಡಕು ಆಫೀಸಿನಿಂದ ಬರುತ್ತದೆ. ಗೀತೆಗಳ ಹಾಳೆಯನ್ನು ಸಭೆಯ ಕಂಪ್ಯೂಟರಿನಲ್ಲಿ ಯಾರೋ ವರ್ಷಗಳ ಹಿಂದೆ ನುಡಿ ತಂತ್ರಾಂಶದಲ್ಲಿಯೋ ಬರಹ ತಂತ್ರಾಂಶದಲ್ಲಿಯೋ ಹಳೆಯ ಫಾಂಟಿನಿಂದ ಟೈಪ್ ಮಾಡಿಟ್ಟಿರುತ್ತಾರೆ. ಅದನ್ನು ನಕಲಿಸಿ ವಿಡಿಯೊ ಆ್ಯಪ್‌ಗೆ ಅಂಟಿಸಿದರೆ ಇಂಗ್ಲಿಷ್ ಅಕ್ಷರಗಳ, ಚಿಹ್ನೆಗಳ ಕಲಸುಮೇಲೋಗರ ಬರುತ್ತದೆ, ಏಕೆಂದರೆ ಆ ಹಳೆಯ ಫಾಂಟುಗಳಲ್ಲಿ ಕಡತದ ಒಳಗಿರುವುದು ಕನ್ನಡವೇ ಅಲ್ಲ, ಕನ್ನಡದ ವೇಷ ಹಾಕಿದ ಇಂಗ್ಲಿಷ್ ಸಂಕೇತಗಳು. ಪರಿವರ್ತಕಗಳಿವೆ, ಆದರೆ ನಾಲ್ಕು ಸಾಲಿಗೆ ಪರಿವರ್ತಕವನ್ನು ಹುಡುಕುವುದಕ್ಕಿಂತ ಫೋನಿನ ಕೀಲಿಮಣೆಯಲ್ಲಿ ಹೊಸದಾಗಿ ಬರೆಯುವುದು ಸುಲಭ. ಫಾಂಟಿಗೆ ನೋಟೊ ಸಾನ್ಸ್ ಕನ್ನಡ, ಅನೇಕ್ ಕನ್ನಡ ಅಥವಾ ಬಾಲೂ ತಮ್ಮ 2 ಸಾಕು; ಮೂರೂ ಮುಕ್ತ ಪರವಾನಗಿಯವು. ತೆಳ್ಳಗಿನ ರೂಪವನ್ನು ಬಿಟ್ಟು ನಡುಗಾತ್ರದ ದಪ್ಪವನ್ನು ಆರಿಸಬೇಕು.

ಸಾಲುಗಳ ನಡುವಿನ ಅಂತರಕ್ಕೂ ಇಂಗ್ಲಿಷಿನ ಅಳತೆ ಆಗುವುದಿಲ್ಲ. 'ದನದ ಕೊಟ್ಟಿಗೆ' ಮೇಲಿದ್ದು 'ದೀಪ ಹಚ್ಚಿತು' ಕೆಳಗಿದ್ದರೆ, ಮೇಲಿನ 'ಟ್ಟಿ'ಯ ಒತ್ತು ಕೆಳಕ್ಕೆ ಇಳಿಯುತ್ತದೆ, ಕೆಳಗಿನ 'ಚ್ಚಿ'ಯ ಗುಡಿಸು ಮೇಲಕ್ಕೆ ಏರುತ್ತದೆ. ಆ್ಯಪ್ ಕೊಡುವ ಮೊದಲ ಅಂತರದಲ್ಲಿ ಇವೆರಡೂ ತಾಕಿ ಗಂಟು ಬೀಳುತ್ತವೆ. ಅಕ್ಷರದ ಎತ್ತರದ ಒಂದೂವರೆ ಪಾಲಿನಷ್ಟು ಅಂತರ ಕೊಟ್ಟರೆ ಬಿಡಿಯಾಗುತ್ತವೆ. 1080 ಅಗಲ, 1920 ಎತ್ತರದ ನಿಂತ ಚೌಕಟ್ಟಿನಲ್ಲಿ ನಾವು ಅಕ್ಷರವನ್ನು 90ರ ಗಾತ್ರದಲ್ಲಿ, ಮೇಲಿನ ಅರ್ಧಭಾಗದಲ್ಲಿ ಇಟ್ಟೆವು. ಕೆಳಗಿನ ಸುಮಾರು ಕಾಲು ಭಾಗವನ್ನು ಚಾನೆಲಿನ ಹೆಸರು, ಶೀರ್ಷಿಕೆಗಳು ಮುಚ್ಚುತ್ತವೆ, ಬಲ ಅಂಚನ್ನು ಲೈಕ್, ಕಾಮೆಂಟಿನ ಗುಂಡಿಗಳು ಮುಚ್ಚುತ್ತವೆ. ಅಲ್ಲಿ ಬರೆದದ್ದು ಎಡಿಟಿಂಗ್ ಪರದೆಯಲ್ಲಿ ಸ್ವಚ್ಛವಾಗಿ ಕಾಣುತ್ತದೆ, ಅಪ್‌ಲೋಡ್ ಆದ ಮೇಲೆ ಅರ್ಧ ನುಂಗಿಹೋಗಿರುತ್ತದೆ.

ಧ್ಯಾನದ ಮಾತಿಗೆ ಉಳಿದದ್ದು 16 ಸೆಕೆಂಡು. ನಿಧಾನವಾಗಿ ಓದಿದರೆ ಅಷ್ಟರಲ್ಲಿ ಕನ್ನಡದ ಇಪ್ಪತ್ತು-ಇಪ್ಪತ್ತೈದು ಪದ ಹಿಡಿಸುತ್ತದೆ, ಅದಕ್ಕಿಂತ ಹೆಚ್ಚಿಲ್ಲ. ಇಷ್ಟು ಚಿಕ್ಕ ಜಾಗದಲ್ಲಿ ಪ್ರಸಂಗ ಹೇಳಲು ಹೋದ ಕಡೆಯಲ್ಲೆಲ್ಲ ಮಾತು ಹಾಡನ್ನು ಬಿಟ್ಟು ಬೇರೆ ಕಡೆಗೆ ಹೋಗುತ್ತದೆ. ಹಾಡಿನೊಳಗಿನ ಒಂದೇ ಒಂದು ಪದವನ್ನು ಹಿಡಿದು ಅದನ್ನು ಕಾಣಿಸಿದರೆ ಸಾಕು. ನಾವು ಹಿಡಿದದ್ದು 'ಗೋದಲಿ'. ಕ್ರೈಸ್ತರಾದ ನಮಗೆ ಈ ಪದ ಡಿಸೆಂಬರ್ ಬಂದಾಗ ಕಾಗದ, ಹುಲ್ಲು, ಬಣ್ಣದ ದೀಪಗಳಿಂದ ಕಟ್ಟುವ ಮಾದರಿಯ ಹೆಸರಾಗಿಬಿಟ್ಟಿದೆ. ಹಾಗೆ ಕಟ್ಟುವ ಪದ್ಧತಿಗೆ ತನ್ನದೇ ಹಿನ್ನೆಲೆಯಿದೆ: 1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬಲ್ಲಿ ಅಸ್ಸಿಸಿಯ ಫ್ರಾನ್ಸಿಸರು ನಿಜವಾದ ಹುಲ್ಲು, ಎತ್ತು, ಕತ್ತೆಗಳನ್ನು ಇಟ್ಟು ಆ ರಾತ್ರಿಯನ್ನು ಜನರ ಕಣ್ಣೆದುರಿಗೆ ತಂದರು. ಆದರೆ ನಮ್ಮ ಹಳ್ಳಿಯ ಮನೆಗಳಲ್ಲಿ ಬಾಯಿಮಾತಿನ 'ಗ್ವಾದಲಿ' ಎಂದರೆ ಇವತ್ತಿಗೂ ಎತ್ತಿನ ಮುಂದೆ ಜೋಳದ ಕಣಿಕೆ ಹಾಕುವ ಜಾಗ, ಅಂಚುಗಳು ಎತ್ತಿನ ಕೊರಳು ತಿಕ್ಕಿ ತಿಕ್ಕಿ ನುಣ್ಣಗಾದ ಜಾಗ. ಆ ಎರಡು ಅರ್ಥಗಳನ್ನು ಮತ್ತೆ ಕೂಡಿಸುವುದೇ ಧ್ಯಾನದ ಕೆಲಸ ಎಂದುಕೊಂಡು ಅಯ್ಯನವರು ಬರೆದುಕೊಟ್ಟ ಒಂದು ಪುಟವನ್ನು ಇಷ್ಟಕ್ಕೆ ಇಳಿಸಿದೆವು:

"ದನಗಳ ಮುಂದೆ ಕಣಿಕೆ ಹಾಕುವ ಆ ಗೋದಲಿಯಲ್ಲೇ ಮರಿಯಳು ತನ್ನ ಮಗುವನ್ನು ಮಲಗಿಸಿದಳು. ಛತ್ರದಲ್ಲಿ ಸ್ಥಳ ಸಿಗಲಿಲ್ಲ. ಇವತ್ತು ರಾತ್ರಿ ನಮ್ಮ ಬಾಗಿಲಿಗೆ ಬರುವವರಿಗೆ ಎಷ್ಟು ಜಾಗ ಉಳಿದಿದೆ?"

ಇಪ್ಪತ್ತೊಂದು ಪದ. ಓದಿದವರು ಎರಡನೆಯ ವಾಕ್ಯದ ಆಚೆ ಈಚೆ ಒಂದೊಂದು ಉಸಿರು ನಿಲ್ಲಿಸಿದರು. ಈ ಮಾತನ್ನು ಹಾಡಿನಂತೆ ದೊಡ್ಡಕ್ಷರದಲ್ಲಿ ಬರೆಯಲಿಲ್ಲ; ಪರದೆಯ ಮೇಲೆ 'ಲೂಕ 2:7' ಎಂದು ಮಾತ್ರ ಇಟ್ಟು, ಶಬ್ದವಿಲ್ಲದೆ ನೋಡುವವರಿಗಾಗಿ ಪೂರ್ತಿ ಮಾತನ್ನು ಯೂಟ್ಯೂಬ್‌ನ ಪ್ರತ್ಯೇಕ ಕ್ಯಾಪ್ಶನ್ ಕಡತದಲ್ಲಿ ಕೊಟ್ಟೆವು. ಹಾಡು ನಿಂತಾಗ ಅಕ್ಷರವೂ ನಿಲ್ಲಬೇಕು ಎಂಬುದು ನನ್ನ ಅಭಿಪ್ರಾಯ; ಒಪ್ಪದವರು ನಮ್ಮ ತಂಡದಲ್ಲಿಯೇ ಇದ್ದಾರೆ.

ಚಿತ್ರಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ, ಒಂದೇ ನಿಯಮ ಸಾಕು: ಹಾಡಿನ ಸಾಲು ಏನು ಹೇಳುತ್ತದೋ ಅದಷ್ಟೇ ಕಾಣಲಿ. ಮೊದಲ 12 ಸೆಕೆಂಡು ಮುಚ್ಚಿದ ಒಂದು ಹಳೆಯ ಕದ, ಅಲ್ಲಿಂದ 20ರವರೆಗೆ ಕಂದೀಲು ತೂಗುವ ಕೊಟ್ಟಿಗೆ, ಅಲ್ಲಿಂದ ಕೊನೆಯವರೆಗೆ ಗೋದಲಿ ಒಂದೇ. ಎಂಟು ಸೆಕೆಂಡಿನಲ್ಲಿ ಚಿತ್ರ ನೂರಕ್ಕೆ ಮೂರರಷ್ಟು ಮಾತ್ರ ಹತ್ತಿರ ಸರಿಯುವಂತೆ ಮಾಡಿದ್ದೇವೆ, ಏಕೆಂದರೆ ಓದುತ್ತಿರುವ ಕಣ್ಣನ್ನು ಹಿಂದಿನ ಯಾವುದೇ ಚಲನೆ ಎಳೆದುಕೊಳ್ಳುತ್ತದೆ. ಜೋಯಿಸರನ್ನು ತರಲಿಲ್ಲ; ಮತ್ತಾಯನ ಸುವಾರ್ತೆಯಲ್ಲಿ ಅವರು ಬರುವುದು ಒಂದು ಮನೆಗೆ, ಗೋದಲಿಗಲ್ಲ. ಲೂಕನು ಗೋದಲಿಯ ಹತ್ತಿರ ಎತ್ತು, ಕತ್ತೆ ಇದ್ದವೆಂದು ಎಲ್ಲಿಯೂ ಬರೆದಿಲ್ಲ. ಅವು ಯೆಶಾಯನ ಮೊದಲನೆಯ ಅಧ್ಯಾಯದ ಮಾತಿನಿಂದ ಜನರ ಕಲ್ಪನೆಗೆ ಬಂದವುಗಳು. ಮಗುವಿನ ಬದಲು ಗೊಂಬೆ ಇಟ್ಟು ತೆಗೆದ ಚಿತ್ರ ಎಷ್ಟು ಸಲ ತೆಗೆದರೂ ಗೊಂಬೆಯಾಗಿಯೇ ಕಂಡಿತು. ಅದನ್ನು ಬಿಟ್ಟು ಕಣಿಕೆಯ ಮೇಲೆ ಮಡಿಚಿದ ಒಂದು ಬಿಳಿ ಬಟ್ಟೆಯನ್ನು ಇಟ್ಟೆವು.

ಕತ್ತಲೆಯ ಚಿತ್ರದಲ್ಲಿ ಒಂದು ಅಪಾಯವಿದೆ. ಪೂರ್ತಿ ಕಪ್ಪಾದ ಕೊಟ್ಟಿಗೆಯನ್ನು ಅಪ್‌ಲೋಡ್ ಮಾಡಿದರೆ ಕಡತವನ್ನು ಕಿರಿದು ಮಾಡುವಾಗ ಬೆಳಕಿನಿಂದ ಕತ್ತಲೆಗೆ ಇಳಿಯುವ ಜಾಗ ಪಟ್ಟೆಪಟ್ಟೆಯಾಗಿ, ಚೌಕಚೌಕವಾಗಿ ಒಡೆಯುತ್ತದೆ. ಆದ್ದರಿಂದ ಸಂಜೆ ಬೆಳಕು ಪೂರ್ತಿ ಹೋಗುವ ಮುಂಚೆಯೇ ತೆಗೆದು, ಆಮೇಲೆ ಸ್ವಲ್ಪ ಮಬ್ಬು ಮಾಡುವುದು ಒಳ್ಳೆಯದು. ಕಂದೀಲಿನೊಳಗೆ ನಾವು ಇಟ್ಟದ್ದು ಬ್ಯಾಟರಿಯ ಬಲ್ಬು. ಒಣಗಿದ ಕಣಿಕೆಯ ಹತ್ತಿರ ನಿಜವಾದ ಉರಿ ಒಯ್ಯುವುದು ಹುಚ್ಚುತನ.

ಎಲ್ಲ ಕೂಡಿಸಿದ ಮೇಲೆ ಅದೇ ತಾಯಿಯ ಮನೆಗೆ ಹೋಗಿ, ಅವರದೇ ಫೋನಿನಲ್ಲಿ, ಒಂದು ಕೈ ದೂರದಲ್ಲಿ ಹಿಡಿಸಿ ತೋರಿಸಿದೆ. ಹಾಡು ಅವರಿಗೆ ಹೊಸದು. ಮೊದಲ ಸಲ ತುಟಿ ಮಾತ್ರ ಅಲ್ಲಾಡಿತು. ಎರಡನೆಯ ಸಲ ಎರಡನೆಯ ಸಾಲಿನಿಂದ ದನಿ ಕೂಡಿಸಿದರು, ಎಲ್ಲಿಯೂ ಹಿಂದೆ ಬೀಳಲಿಲ್ಲ. ಕೊನೆಯ ಅರ್ಧ ಸಾಲಿಗೆ ಪರದೆಯ ಮೇಲೆ ಅಕ್ಷರ ಇಲ್ಲದಿದ್ದರೂ ಹಾಡಿದರು. ಆಮೇಲೆ ಫೋನನ್ನು ಹತ್ತಿರ ಹಿಡಿದು ಗೋದಲಿಯ ಚಿತ್ರವನ್ನು ಬಹಳ ಹೊತ್ತು ನೋಡಿ, "ಈ ಗ್ವಾದಲಿ ಯಾರ ಮನೀದು? ಕಣಿಕಿ ಎಲ್ಲಾ ಜೋಡಿಸಿ ಇಟ್ಟಂಗದ. ಎತ್ತು ತಿಂದಿದ್ದು ಕಾಣವಲ್ಲದು" ಎಂದರು. ಅವರು ಹೇಳಿದ್ದು ನಿಜ. ಚಿತ್ರ ಚೆಂದ ಬರಲೆಂದು ನಾವೇ ಹೊಸ ಕಣಿಕೆಯನ್ನು ಒಂದೇ ಉದ್ದಕ್ಕೆ ಕತ್ತರಿಸಿ ಇಟ್ಟಿದ್ದೆವು. ಮರುದಿನ ಸಂಜೆ ಎತ್ತುಗಳು ಮೇವು ತಿಂದು ಮುಗಿಸುವವರೆಗೆ ಕಾದು, ಅವುಗಳನ್ನು ಹೊರಗೆ ಕಟ್ಟಿಸಿ, ತುಳಿದ ದಂಟು, ಜಗಿದು ಬಿಟ್ಟ ರವದಿ ಹಾಗೆಯೇ ಇರುವಾಗ ಬಿಳಿ ಬಟ್ಟೆಯನ್ನು ಅದರ ಮೇಲಿಟ್ಟು ಇನ್ನೊಮ್ಮೆ ತೆಗೆದೆವು. 20ನೆಯ ಸೆಕೆಂಡಿನಿಂದ ಈಗ ಕಾಣುವುದು ಆ ಚಿತ್ರ.